ಶುಗರ್ ಪುಸ್ತಕದ ಸುಳ್ಳು ಲೆಕ್ಕ

ಚಿಂತಾಮಣಿ ಕಡೆಯ 14 ವರ್ಷದ ಹುಡುಗಿಯೊಬ್ಬಳು ಅಂದುಕೊಳ್ಳಿ. ಟೈಪ್ 1 ಡಯಾಬಿಟಿಸ್. ಶುಗರ್ ಬರೆದಿಡುವ ಪುಸ್ತಕದ ತುಂಬ 110, 130, 120. ಎಲ್ಲ ಸಂಖ್ಯೆಗಳೂ ಸೊನ್ನೆಯಲ್ಲೇ ಮುಗಿಯುತ್ತವೆ. ತಿಂಗಳಿಡೀ ಒಂದೇ ಪೆನ್ನು, ಒಂದು ಪುಟದಲ್ಲೂ ರಕ್ತದ ಕಲೆಯಿಲ್ಲ. ಆದರೆ ಲ್ಯಾಬ್‌ನ ಎಚ್‌ಬಿಎ1ಸಿ ರಕ್ತಪರೀಕ್ಷೆಯಲ್ಲಿ 10.5 ಬಂದಿದೆ.

ರಕ್ತದಲ್ಲಿ ಓಡಾಡುವ ಸಕ್ಕರೆ ಕೆಂಪು ರಕ್ತಕಣದೊಳಗಿನ ಹಿಮೋಗ್ಲೋಬಿನ್‌ಗೆ ಅಂಟಿಕೊಳ್ಳುತ್ತದೆ. ಈ ಕಣ ಸುಮಾರು 120 ದಿನ ಬದುಕುತ್ತದೆ. ಹಾಗಾಗಿ ಈ ಪರೀಕ್ಷೆ ಎರಡು-ಮೂರು ತಿಂಗಳ ಸರಾಸರಿ ಹೇಳುತ್ತದೆ. 10.5 ಅಂದರೆ ಸರಾಸರಿ ಶುಗರ್ 255ರ ಆಸುಪಾಸು. ಪುಸ್ತಕದ 120 ಎಲ್ಲಿ, ಇದೆಲ್ಲಿ? ಕಬ್ಬಿಣದಂಶ ಕಡಿಮೆಯಿದ್ದರೂ ಈ ಸಂಖ್ಯೆ ಒಂದಿಷ್ಟು ಏರಬಹುದು. ಅದಕ್ಕೇ ಡಾಕ್ಟರು ಗ್ಲೂಕೋಮೀಟರ್‌ನ ಮೆಮೊರಿ ತೆರೆದು ನೋಡುತ್ತಾರೆ. ಅಲ್ಲಿ ವಾರಕ್ಕೆ ಎರಡೇ ರೀಡಿಂಗ್. ಒಂದು 268, ಇನ್ನೊಂದು 312.

"ಸೋಮಾರಿ, ಕದ್ದು ಸಿಹಿ ತಿಂತಾಳೆ" ಅಂತ ಮನೆಯವರು ತೀರ್ಮಾನಿಸಿಬಿಡುತ್ತಾರೆ. ನನಗೆ ಸಿಟ್ಟು ಬರುವುದು ಇಲ್ಲೇ. ಆ ವಯಸ್ಸಿನಲ್ಲಿ ಬೆಳವಣಿಗೆಯ ಹಾರ್ಮೋನು ಜಾಸ್ತಿಯಾಗಿ ಇನ್ಸುಲಿನ್ನಿನ ಕೆಲಸಕ್ಕೆ ಅಡ್ಡ ಬರುತ್ತದೆ. ಮೈನೆರೆಯುವ ಮೊದಲು ದಿನಕ್ಕೆ ಕೆಜಿ ತೂಕಕ್ಕೆ ಒಂದು ಯೂನಿಟ್‌ಗಿಂತ ಕಡಿಮೆ ಸಾಕಾಗುತ್ತಿದ್ದದ್ದು, ಈಗ ಅದನ್ನು ದಾಟಬಹುದು. ಈ ಹಾರ್ಮೋನು ರಾತ್ರಿ ನಿದ್ದೆಯಲ್ಲಿ ಹೆಚ್ಚು ಸುರಿಯುತ್ತದೆ. ಏನೂ ತಿನ್ನದೆ ಮಲಗಿದರೂ ಬೆಳಗ್ಗೆ 220 ಬರಬಹುದು. ಆ 220ಕ್ಕೂ ಅಪ್ಪನಿಂದ ಬೈಗುಳ. ನಾಲ್ಕು ಸಲ ಹೀಗಾದರೆ ಮಗು ಏನು ಕಲಿಯುತ್ತದೆ? ಚುಚ್ಚಿ ನೋಡದಿದ್ದರೆ ಬೈಗುಳವಿಲ್ಲ. 120 ಅಂತ ಬರೆದರೆ ಶಹಬ್ಬಾಸ್!

ಜೊತೆಗೆ ಶಾಲೆ. ಬಿಸಿಯೂಟದ ಅನ್ನಕ್ಕೆ ಮೊದಲು ಇನ್ಸುಲಿನ್ ಬೇಕು. ಗೆಳತಿಯರೆದುರು ಲಂಗ ಸರಿಸಿ ಚುಚ್ಚಿಕೊಳ್ಳಲು ನಾಚಿಕೆ, ಶೌಚಾಲಯದಲ್ಲಿ ಅಸಹ್ಯ. "ಮುಂದೆ ಮದುವೆಗೆ ಕಷ್ಟ, ಯಾರಿಗೂ ಹೇಳಬೇಡ" ಅಂತ ಅಜ್ಜಿ ಬೇರೆ ಹೇಳಿದ್ದಾರೆ. ಹೀಗೆ ಮಧ್ಯಾಹ್ನದ ಡೋಸ್ ತಪ್ಪುತ್ತದೆ.

ಮುಚ್ಚಿಡುವುದು ಹೊಸದೇನಲ್ಲ ಬಿಡಿ. 1922ರ ಜನವರಿಯಲ್ಲಿ ಟೊರಾಂಟೊದಲ್ಲಿ ಮೊದಲು ಇನ್ಸುಲಿನ್ ಪಡೆದ ಲಿಯೊನಾರ್ಡ್ ಥಾಂಪ್ಸನ್‌ಗೂ 14 ವರ್ಷ. ಅದೇ ವರ್ಷ ಇನ್ಸುಲಿನ್ನಿನಿಂದ ಬದುಕುಳಿದ ಎಲಿಜಬೆತ್ ಹ್ಯೂಸ್ 1981ರವರೆಗೆ ಬದುಕಿದರು, ತಮ್ಮ ಕಾಯಿಲೆಯನ್ನು ಮಾತ್ರ ಹೊರಗಿನವರಿಂದ ಮುಚ್ಚಿಟ್ಟರು. ಅಮೆರಿಕದ ವಿದೇಶಾಂಗ ಮಂತ್ರಿಯ ಮಗಳಿಗೇ ಹಾಗನ್ನಿಸಿತ್ತು ಅಂದರೆ ನಮ್ಮ ಹುಡುಗಿಯದ್ದೇನು ತಪ್ಪು, ಅಲ್ವಾ?

ಹಾಗಾದರೆ ಏನು ಮಾಡೋದು? "ಏನು ತಿಂದೆ?" ಅನ್ನುವ ಬದಲು "220 ಇದೆ, ಈಗ ಎಷ್ಟು ಯೂನಿಟ್ ಹಾಕಬೇಕು, ಚಾರ್ಟ್ ನೋಡೋಣ" ಅನ್ನಬೇಕು. ಪುಸ್ತಕ ಬರೆಯುವ ಕೆಲಸ ಒಂದಷ್ಟು ದಿನ ಅಮ್ಮ ಮಾಡಲಿ, ಮೀಟರ್ ನೋಡಿಯೇ ಬರೆಯಲಿ. ದೊಡ್ಡವಳಾದಳು ಅಂತ ಎಲ್ಲವನ್ನೂ ಒಂದೇ ದಿನ ಅವಳ ತಲೆಗೆ ಕಟ್ಟಬಾರದು. ಒಬ್ಬ ಟೀಚರ್‌ಗೆ ವಿಷಯ ತಿಳಿಸಿದರೆ ಊಟದ ಹೊತ್ತಿಗೆ ಸ್ಟಾಫ್ ರೂಮಿನ ಒಂದು ಮೂಲೆ ಸಿಗುತ್ತದೆ. ಬೆಳಗಿನ ಏರಿಕೆ ಹಾಗೇ ಇದ್ದರೆ ಡೋಸ್ ಬದಲಿಸಬೇಕಾದವರು ಡಾಕ್ಟರು. ನಿಜವಾದ 268 ಕಣ್ಣೆದುರು ಇದ್ದರೆ ಮಾತ್ರ ಅವರು ಅದನ್ನು ಮಾಡಲು ಸಾಧ್ಯ.