ಹತ್ತು ಗಂಟೆಯ ಇಂಜೆಕ್ಷನ್ ಮುಗಿಯುವುದು ಎಷ್ಟು ಗಂಟೆಗೆ?

ನಮ್ಮ ರಾಜ್ಯದ ಅನೇಕ ಆಸ್ಪತ್ರೆಗಳಲ್ಲಿ ಶುಶ್ರೂಷಕರ ಬೆಳಗಿನ ಪಾಳಿ 8 ಗಂಟೆಗೆ ಆರಂಭವಾಗಿ ಮಧ್ಯಾಹ್ನ 2 ಗಂಟೆಗೆ ಮುಗಿಯುತ್ತದೆ. ಕೈಯಲ್ಲಿರುವುದು 360 ನಿಮಿಷ. ವಾರ್ಡಿನ ಹೊಣೆ ಹೊತ್ತವಳಾಗಿ, ಹೊಸದಾಗಿ ಸೇರಿದ ಸ್ಟಾಫ್ ನರ್ಸ್‌ಗಳಿಗೆ ನಾನು ಮೊದಲು ಹೇಳಿಕೊಡುವುದು ಈ 360 ನಿಮಿಷಗಳನ್ನು ಹಂಚುವ ಕ್ರಮವನ್ನು. ಸೂಜಿ ಹಾಕುವುದನ್ನು ಅವರು ಕಲಿತೇ ಬಂದಿರುತ್ತಾರೆ, ಆದರೆ ಆರು ರೋಗಿಗಳಿಗೆ ಸೂಜಿಯ ಮೂಲಕ ಔಷಧ ಕೊಟ್ಟು ಮುಗಿಸಲು ನಿಜವಾಗಿ ಎಷ್ಟು ಹೊತ್ತು ಬೇಕೆಂಬುದನ್ನು ಯಾವ ತರಗತಿಯಲ್ಲಿಯೂ ಅಳೆದು ತೋರಿಸಿರುವುದಿಲ್ಲ.

ಒಂದು ಸಾಧಾರಣ ಮೆಡಿಕಲ್ ವಾರ್ಡನ್ನು ತೆಗೆದುಕೊಳ್ಳೋಣ. ಒಬ್ಬ ನರ್ಸ್, ಹತ್ತು ರೋಗಿಗಳು. ಆಕೆ ಬೆಳಿಗ್ಗೆ ಮನಸ್ಸಿನಲ್ಲಿಯೇ ಹಾಕಿಕೊಳ್ಳುವ ಲೆಕ್ಕ ಬಹುತೇಕ ಹೀಗಿರುತ್ತದೆ: ರಾತ್ರಿ ಪಾಳಿಯವರಿಂದ ಹ್ಯಾಂಡೋವರ್ ಪಡೆಯಲು 15 ನಿಮಿಷ, ಜ್ವರ, ನಾಡಿ, ಬಿಪಿ ನೋಡಲು ಒಬ್ಬರಿಗೆ ಮೂರರಂತೆ 30, ಮಾತ್ರೆಗಳಿಗೆ 20, ಹತ್ತು ಗಂಟೆಯ ಇಂಜೆಕ್ಷನ್‌ಗಳಿಗೆ ಆರು ಜನರಿಗೆ ಐದರಂತೆ 30, ಡಾಕ್ಟರ ರೌಂಡ್ಸ್‌ಗೆ 45, ರೌಂಡ್ಸ್‌ನಲ್ಲಿ ಹೇಳಿದ್ದನ್ನು ಜಾರಿಗೆ ತರಲು 30, ಎರಡು ಡ್ರೆಸ್ಸಿಂಗ್‌ಗೆ 30, ಒಬ್ಬರಿಗೆ ರಕ್ತ ಏರಿಸಲು 20, ಎರಡು ಡಿಸ್ಚಾರ್ಜ್‌ಗೆ 30, ಕೇಸ್ ಶೀಟ್ ಬರೆಯಲು 30, ಕೊನೆಯಲ್ಲಿ ಹ್ಯಾಂಡೋವರ್ ಕೊಡಲು 15. ಒಟ್ಟು 295 ನಿಮಿಷ. ಇನ್ನೂ 65 ನಿಮಿಷ ಉಳಿಯಿತಲ್ಲ ಎಂಬ ಸಮಾಧಾನದಿಂದ ಪಾಳಿ ಆರಂಭವಾಗುತ್ತದೆ, ಮತ್ತು ಅದೇ ನರ್ಸ್ ಎರಡೂವರೆ ಗಂಟೆಗೂ ಮೇಜಿನ ಮುಂದೆ ನಿಂತು ಕೇಸ್ ಶೀಟ್ ಬರೆಯುತ್ತಿರುತ್ತಾಳೆ.

ಈ ಲೆಕ್ಕ ಎಲ್ಲಿ ತಪ್ಪಿತು ಎಂಬುದನ್ನು ಹತ್ತು ಗಂಟೆಯ ಒಂದೇ ಒಂದು ಇಂಜೆಕ್ಷನ್ನಿನ ಹಿಂದೆ ಹೋದರೆ ಕಾಣಬಹುದು. ಪಿಪೆರಾಸಿಲಿನ್-ಟಾಜೊಬ್ಯಾಕ್ಟಮ್ 4.5 ಗ್ರಾಂ ಎಂದು ಕೇಸ್ ಶೀಟಿನಲ್ಲಿ ಬರೆದಿದೆ. ನರ್ಸ್ ಶೀಟನ್ನು ಓದಿ, ರೋಗಿಯ ಹೆಸರು, ಔಷಧ, ಪ್ರಮಾಣ, ಅಲರ್ಜಿ ಇವನ್ನು ತಾಳೆ ನೋಡಿ, ಕೈ ತೊಳೆದು, ಪುಡಿ ಇರುವ ಬಾಟಲಿಗೆ 20 ಮಿಲಿ ದ್ರವವನ್ನು ಹಾಕಿ, ಅದು ಪೂರ್ತಿ ಕರಗುವವರೆಗೆ ತಿರುಗಿಸುತ್ತಿರಬೇಕು, ಈ ಪುಡಿ ಕೆಲವೊಮ್ಮೆ ಬೇಗ ಕರಗುವುದಿಲ್ಲ. ಕರಗಿದ್ದನ್ನು 100 ಮಿಲಿ ಸಲೈನ್‌ಗೆ ಸೇರಿಸಿ, ಲೇಬಲ್ ಅಂಟಿಸಿ, ಹಾಸಿಗೆಯ ಬಳಿ ಹೋಗಿ, ಕ್ಯಾನ್ಯುಲಾದೊಳಗೆ ಸಲೈನ್ ಬಿಟ್ಟು ಅದು ಸರಾಗವಾಗಿ ಹೋಗುತ್ತಿದೆಯೇ ಎಂದು ನೋಡಿ, ಡ್ರಿಪ್ ಜೋಡಿಸಬೇಕು. ಅದು ಇಳಿಯಲು ಅರ್ಧ ಗಂಟೆ ಬೇಕು. ಮುಗಿದ ಮೇಲೆ ಮತ್ತೊಮ್ಮೆ ಹೋಗಿ ಡ್ರಿಪ್ ತೆಗೆದು, ಸಲೈನ್ ಬಿಟ್ಟು, ಕ್ಯಾನ್ಯುಲಾ ಮುಚ್ಚಬೇಕು. ಪಕ್ಕದ ಹಾಸಿಗೆಯವರಿಗೆ ವ್ಯಾಂಕೊಮೈಸಿನ್ 1 ಗ್ರಾಂ ಇದ್ದರೆ ಅದನ್ನು 60 ನಿಮಿಷಕ್ಕಿಂತ ಬೇಗ ಕೊಡುವಂತಿಲ್ಲ, ಬೇಗ ಕೊಟ್ಟರೆ ಮೈ ಕೆಂಪಾಗಿ ತುರಿಕೆ ಏಳುತ್ತದೆ, ಬಿಪಿ ಇಳಿಯಲೂಬಹುದು. ಈ ಡ್ರಿಪ್‌ನ ನಡುವೆ ಕೈ ಊದಿತೇ ಎಂದು ಒಮ್ಮೆ ನೋಡಿ ಬರಬೇಕು.

ಪಟ್ಟಿಯಲ್ಲಿ ಒಂದೇ ಸಾಲಾಗಿದ್ದ ಕೆಲಸ ನಿಜದಲ್ಲಿ ಎರಡು ಅಥವಾ ಮೂರು ಭೇಟಿಗಳ ಕೆಲಸ. ಅಂದಾಜು ಹಾಕುವಾಗ ನಮಗೆ ನೆನಪಾಗುವುದು ಮಧ್ಯದ ಭೇಟಿ ಮಾತ್ರ, ಅಂದರೆ ಡ್ರಿಪ್ ಜೋಡಿಸುವ ಆ ಐದು ನಿಮಿಷ. ಮೊದಲಿನ ಸಿದ್ಧತೆ ಮತ್ತು ಆಮೇಲಿನ ಮುಚ್ಚುವಿಕೆ, ಎರಡೂ ಲೆಕ್ಕದಿಂದ ಹೊರಗೆ ಉಳಿಯುತ್ತವೆ. ಬಿಪಿ ನೋಡುವುದರಲ್ಲಿಯೂ ಇದೇ ನಡೆಯುತ್ತದೆ: ಪಟ್ಟಿ ಸುತ್ತಿ ನೋಡುವುದಕ್ಕೆ ಮೂರು ನಿಮಿಷ ಸಾಕು, ಆದರೆ ಶೌಚಾಲಯಕ್ಕೆ ಹೋದ ರೋಗಿಗಾಗಿ ಕಾಯುವುದು, ಹೆಚ್ಚು ಬಂದ ಬಿಪಿಯನ್ನು ಮತ್ತೆ ನೋಡುವುದು, ಚಾರ್ಟಿನಲ್ಲಿ ಬರೆಯುವುದು, "ಸಿಸ್ಟರ್, ನಿನ್ನೆ ರಾತ್ರಿ ನಿದ್ದೆಯೇ ಬರಲಿಲ್ಲ" ಎಂಬ ಮಾತಿಗೆ ನಿಂತು ಉತ್ತರ ಕೊಡುವುದು ಇವೆಲ್ಲ ಸೇರಿ ಐದಾಗುತ್ತದೆ. ಈ ಕೊನೆಯದನ್ನು ಸಮಯ ಹಾಳು ಎಂದು ಎಣಿಸುವವರಿದ್ದಾರೆ, ನಾನು ಅದನ್ನು ಒಪ್ಪುವುದಿಲ್ಲ. ಉಸಿರಾಟದ ತೊಂದರೆ ಶುರುವಾಗಿರುವುದು ಎಷ್ಟೋ ಸಲ ಮೊದಲು ತಿಳಿಯುವುದೇ ಇಂಥ ಮಾತಿನಿಂದ.

ಈಗ ಮೂರೇ ಕೆಲಸಗಳ ಲೆಕ್ಕವನ್ನು ತಿದ್ದೋಣ. ಹತ್ತು ರೋಗಿಗಳ ಬಿಪಿ, ನಾಡಿ 30ರ ಬದಲು 50 ನಿಮಿಷ, ಇಂಜೆಕ್ಷನ್‌ಗಳು 30ರ ಬದಲು 55, ಬಿಲ್ಲು, ಔಷಧದ ಚೀಟಿ, ಮನೆಯವರಿಗೆ ತಿಳಿಹೇಳುವುದು ಎಲ್ಲ ಸೇರಿದ ಎರಡು ಡಿಸ್ಚಾರ್ಜ್ 30ರ ಬದಲು 50. ಹೆಚ್ಚಾದದ್ದು 65 ನಿಮಿಷ. ಉಳಿದಿದೆ ಎಂದುಕೊಂಡಿದ್ದ ಹೊತ್ತೆಲ್ಲ ಅಲ್ಲಿಗೇ ಮುಗಿಯಿತು. ಒಂದು ಕ್ಯಾನ್ಯುಲಾ ಕಟ್ಟಿಕೊಂಡರೂ ಸಾಕು, ಪಾಳಿ 2 ಗಂಟೆಯನ್ನು ದಾಟುತ್ತದೆ.

ವರ್ಷಗಟ್ಟಲೆ ಇದೇ ಕೆಲಸ ಮಾಡಿದವರೂ ಕಡಿಮೆ ಅಂದಾಜು ಹಾಕುವುದೇಕೆ? ಡೇನಿಯಲ್ ಕಾಹ್ನೆಮನ್ ಮತ್ತು ಏಮೋಸ್ ಟ್ವೆರ್ಸ್ಕಿ ಎಂಬ ಮನಃಶಾಸ್ತ್ರಜ್ಞರು ಈ ಒಲವನ್ನು 1979ರಲ್ಲಿಯೇ ಗುರುತಿಸಿ ಹೆಸರಿಟ್ಟಿದ್ದರು. ಕೆನಡಾದಲ್ಲಿ ನಡೆದು 1994ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಮನಃಶಾಸ್ತ್ರದ ವಿದ್ಯಾರ್ಥಿಗಳನ್ನು ಪ್ರಬಂಧ ಮುಗಿಸಲು ಎಷ್ಟು ದಿನ ಬೇಕೆಂದು ಕೇಳಲಾಯಿತು. ಅವರ ಸರಾಸರಿ ಅಂದಾಜು ಸುಮಾರು 34 ದಿನ, ಎಲ್ಲವೂ ಕೆಟ್ಟರೆ ಎಷ್ಟು ಎಂದು ಕೇಳಿದಾಗ ಸುಮಾರು 49 ದಿನ, ನಿಜವಾಗಿ ಹಿಡಿದದ್ದು 55ಕ್ಕೂ ಹೆಚ್ಚು. ಅವರೆಲ್ಲರಿಗೂ ಹಿಂದೆ ತಡವಾದ ಅನುಭವ ಇದ್ದೇ ಇರುತ್ತದೆ. ಆದರೆ ಅಂದಾಜು ಹಾಕುವವರು ಮುಂದಿನ ಕೆಲಸದ ಹಂತಗಳನ್ನು ಕಲ್ಪಿಸಿಕೊಳ್ಳುತ್ತಾರೆಯೇ ಹೊರತು ಹಿಂದಿನ ಸಲ ಎಷ್ಟು ಹಿಡಿಯಿತು ಎಂದು ನೋಡುವುದಿಲ್ಲ. ನೋಡಿದರೂ ಪ್ರತಿಯೊಂದು ತಡಕ್ಕೂ ಒಂದು ಬೇರೆ ಕಾರಣ ಸಿಗುತ್ತದೆ. ನಮ್ಮಲ್ಲಂತೂ "ಅವತ್ತು ಲಿಫ್ಟ್ ಕೆಟ್ಟಿತ್ತು", "ಅವತ್ತು ಫಾರ್ಮಸಿಯಲ್ಲಿ ಔಷಧ ಇರಲಿಲ್ಲ" ಎಂದು ಪ್ರತಿದಿನವೂ ಒಂದು ವಿಶೇಷ ದಿನವೇ ಆಗಿಬಿಡುತ್ತದೆ.

ಇನ್ನೊಂದು ಕಾರಣ ಲೆಕ್ಕದ್ದು, ಮತ್ತು ಇದನ್ನು ಗಮನಿಸುವವರು ಕಡಿಮೆ. ಒಂದು ಇಂಜೆಕ್ಷನ್ ಹತ್ತು ಸಲದಲ್ಲಿ ಒಂಬತ್ತು ಸಲ ಐದು ನಿಮಿಷದಲ್ಲಿ ಮುಗಿದು, ಹತ್ತನೆಯ ಸಲ ರಕ್ತನಾಳ ಸಿಗದೆ ಹೊಸ ಕ್ಯಾನ್ಯುಲಾ ಹಾಕಬೇಕಾಗಿ 25 ನಿಮಿಷ ಹಿಡಿಯಿತು ಎಂದಿಟ್ಟುಕೊಳ್ಳಿ. ಕೇಳಿದರೆ ಯಾರಾದರೂ ಐದು ನಿಮಿಷ ಎಂದೇ ಹೇಳುತ್ತಾರೆ, ಅದು ಸುಳ್ಳೂ ಅಲ್ಲ. ಆದರೆ ಸರಾಸರಿ ಏಳು ನಿಮಿಷ. ಐದು ನಿಮಿಷದ ಕೆಲಸ ಇಪ್ಪತ್ತು ನಿಮಿಷ ಹೆಚ್ಚು ಹಿಡಿಯಬಹುದು, ಇಪ್ಪತ್ತು ನಿಮಿಷ ಕಡಿಮೆ ಹಿಡಿಯಲು ಸಾಧ್ಯವೇ ಇಲ್ಲ. ಆದ್ದರಿಂದ "ಒಂದರಲ್ಲಿ ಹೋದದ್ದು ಇನ್ನೊಂದರಲ್ಲಿ ಬರುತ್ತದೆ" ಎಂಬ ಭರವಸೆ ಪಾಳಿಯ ಲೆಕ್ಕದಲ್ಲಿ ನಡೆಯುವುದಿಲ್ಲ.

ಹೀಗಾಗಿ ನಾನು ಅಂದಾಜನ್ನು ನೆನಪಿನಿಂದ ಕೇಳುವುದನ್ನು ಬಿಟ್ಟು ಅಳೆಯಲು ಹೇಳುತ್ತೇನೆ. ಎಲ್ಲ ಕೆಲಸಗಳನ್ನಲ್ಲ, ಹೆಚ್ಚು ಹೊತ್ತು ತಿನ್ನುವ ಮೂರನ್ನು ಮಾತ್ರ, ಎರಡು ವಾರಗಳ ಕಾಲ. ಟ್ರಾಲಿಯ ಬಳಿ ಔಷಧದ ಬಾಟಲಿ ಕೈಗೆ ತೆಗೆದುಕೊಂಡ ಗಳಿಗೆಯಿಂದ ಕೊನೆಯ ರೋಗಿಯ ಕ್ಯಾನ್ಯುಲಾ ಮುಚ್ಚಿ ಸಹಿ ಹಾಕುವ ಗಳಿಗೆಯವರೆಗೆ ಬರೆದಿಡಬೇಕು, ಡ್ರಿಪ್ ಇಳಿಯುವ ನಡುವೆ ಬೇರೆ ಕೆಲಸ ಮಾಡಿದ್ದರೆ ಅದನ್ನು ಕಳೆಯಬೇಕು. ಈ ಅಳತೆಗೆ ದೊಡ್ಡ ಅಡ್ಡಿ ನಮ್ಮ ಚಾರ್ಟ್‌ಗಳಲ್ಲಿಯೇ ಇದೆ. ಆರು ಹಾಸಿಗೆಗಳ ಔಷಧದ ಚಾರ್ಟ್ ತೆರೆದು ನೋಡಿದಾಗ ಆರರಲ್ಲಿಯೂ 10.00 ಎಂದೇ ಬರೆದಿದ್ದರೆ, ಅದು ಔಷಧ ಕೊಡಬೇಕಾಗಿದ್ದ ಸಮಯವೇ ಹೊರತು ಕೊಟ್ಟ ಸಮಯವಲ್ಲ, ಏಕೆಂದರೆ ಒಬ್ಬ ನರ್ಸ್ ಒಂದೇ ನಿಮಿಷದಲ್ಲಿ ಆರು ಹಾಸಿಗೆಗಳ ಬಳಿ ಇರಲಾರಳು. 10.05, 10.20, 10.50 ಎಂದು ನಿಜವನ್ನು ಬರೆದವರನ್ನು ತಡ ಮಾಡಿದರೆಂದು ಗದರಿಸುವ ವಾರ್ಡಿನಲ್ಲಿ ಸರಿಯಾದ ಅಂದಾಜು ಎಂದಿಗೂ ಹುಟ್ಟುವುದಿಲ್ಲ.

ಅಳತೆ ಸಿಕ್ಕಮೇಲೆ ಬಿಡುವಿನ ಹೊತ್ತಿನ ಪ್ರಶ್ನೆ ಬರುತ್ತದೆ. ಇಲ್ಲಿ ಮೊದಲು ಬೇರ್ಪಡಿಸಬೇಕಾದದ್ದು ಅನಿರೀಕ್ಷಿತ ಯಾವುದು, ನಿತ್ಯದ್ದು ಯಾವುದು ಎಂಬುದನ್ನು. ಹೆಚ್ಚಿನ ಬೆಳಗುಗಳಲ್ಲಿ ಒಂದು ಹೊಸ ಅಡ್ಮಿಷನ್ ಬರುವ ವಾರ್ಡಿನಲ್ಲಿ ಅಡ್ಮಿಷನ್ ಅನಿರೀಕ್ಷಿತವಲ್ಲ. ಯಾವ ಹಾಸಿಗೆ, ಯಾವ ಗಂಟೆ ಎಂಬುದಷ್ಟೇ ತಿಳಿಯದ ನಿತ್ಯದ ಕೆಲಸ ಅದು, ಅದಕ್ಕೆ ಪಟ್ಟಿಯಲ್ಲಿಯೇ 40 ನಿಮಿಷ ಇಡಬೇಕು. ಬಿಡುವಿನ ಹೊತ್ತು ಇರುವುದು ರೋಗಿ ಕುಸಿದುಬೀಳುವುದಕ್ಕೆ, ಸಕ್ಕರೆ ಇಳಿದು ಬೆವರುವುದಕ್ಕೆ, ಲ್ಯಾಬಿನಿಂದ ಪೊಟ್ಯಾಸಿಯಂ ಹೆಚ್ಚಿದೆ ಎಂದು ಫೋನ್ ಬರುವುದಕ್ಕೆ.

ಅದನ್ನು ಎಲ್ಲಿ ಇಡಬೇಕು? ಪ್ರತಿ ಕೆಲಸಕ್ಕೂ ಎರಡೆರಡು ನಿಮಿಷ ಹೆಚ್ಚು ಸೇರಿಸುವುದು ಸುಲಭವಾಗಿ ತೋರುತ್ತದೆ, ಆದರೆ ಆ ಎರಡು ನಿಮಿಷಗಳು ಆಯಾ ಕೆಲಸದಲ್ಲಿಯೇ ಕರಗಿಹೋಗುತ್ತವೆ, ತುರ್ತು ಬಂದಾಗ ಒಟ್ಟಾಗಿ ಕೈಗೆ ಸಿಗುವುದಿಲ್ಲ. ನಮ್ಮ ವಾರ್ಡಿನಲ್ಲಿ ಎರಡು ಕಡೆ ಇಡುತ್ತೇವೆ: ರೌಂಡ್ಸ್ ಮುಗಿಯುವ ಹೊತ್ತಿಗೆ 20 ನಿಮಿಷ, ಏಕೆಂದರೆ ರೌಂಡ್ಸ್ ಎಷ್ಟು ಹೊತ್ತಿಗೆ ಬರುತ್ತದೆ, ಎಷ್ಟು ಹೊತ್ತು ನಡೆಯುತ್ತದೆ ಎಂಬುದು ನಮ್ಮ ಕೈಯಲ್ಲಿಲ್ಲ, ಮತ್ತು ಹ್ಯಾಂಡೋವರ್‌ಗೆ ಮುಂಚೆ 20 ನಿಮಿಷ. ಮೊದಲನೆಯದು ಖರ್ಚಾಗದೆ ಉಳಿದರೆ ಆ ಹೊತ್ತಿನಲ್ಲಿ ಅಲ್ಲಿಯವರೆಗಿನ ಕೇಸ್ ಶೀಟ್ ಬರೆದು ಮುಗಿಸುತ್ತಾರೆ.

ರಕ್ತ ಏರಿಸುವ ಕೆಲಸ ಈ ಯೋಜನೆಯ ನಿಜವಾದ ಪರೀಕ್ಷೆ. ಚೀಲ ಬ್ಲಡ್ ಬ್ಯಾಂಕಿನ ಶೈತ್ಯದಿಂದ ಹೊರಬಂದ ಮೇಲೆ 30 ನಿಮಿಷದೊಳಗೆ ಆರಂಭಿಸಬೇಕು, ಹೊರಬಂದದ್ದರಿಂದ 4 ಗಂಟೆಯೊಳಗೆ ಮುಗಿಸಬೇಕು. ಹಾಸಿಗೆಯ ಬಳಿ ಇಬ್ಬರು ಸೇರಿ ರೋಗಿಯ ಹೆಸರನ್ನೂ ಚೀಲದ ಸಂಖ್ಯೆಯನ್ನೂ ತಾಳೆ ನೋಡಬೇಕು, ಮತ್ತು ಗಂಭೀರ ಪ್ರತಿಕ್ರಿಯೆ ಮೊದಲ ಮಿಲಿಗಳಲ್ಲಿಯೇ ಕಾಣಿಸಿಕೊಳ್ಳಬಹುದಾದ್ದರಿಂದ ಮೊದಲ 15 ನಿಮಿಷ ನರ್ಸ್ ರೋಗಿಯನ್ನು ಬಿಟ್ಟು ಕದಲಬಾರದು. ಇದಕ್ಕೆ 20 ನಿಮಿಷ ಎಂದು ಬರೆದುಕೊಂಡವರು ಚೀಲ ತರಿಸಿಬಿಡುತ್ತಾರೆ, ಅಷ್ಟರಲ್ಲಿ ರೌಂಡ್ಸ್ ಬರುತ್ತದೆ, ಆ 15 ನಿಮಿಷ ತುಂಡುತುಂಡಾಗುತ್ತದೆ. ಆದ್ದರಿಂದ ಲೆಕ್ಕವನ್ನು ಹಿಂದುಮುಂದಾಗಿ ಹಾಕಬೇಕು: ಅಡ್ಡಿಯಿಲ್ಲದ ಅರ್ಧ ಗಂಟೆ ಎಲ್ಲಿದೆ ಎಂದು ಮೊದಲು ಗೊತ್ತುಮಾಡಿಕೊಂಡು, ಅದಕ್ಕೆ ಸರಿಯಾಗಿ ಚೀಲ ತರಲು ಕಳುಹಿಸಬೇಕು. ರಕ್ತ 11.45ಕ್ಕೆ ಆರಂಭವಾದರೆ ಅದು 2 ಗಂಟೆಯ ಆಚೆಗೂ ಹರಿಯುತ್ತದೆ, ಹಾಗಾಗಿ ಅದು ಮಧ್ಯಾಹ್ನದ ಪಾಳಿಯವರ ಕೆಲಸವೂ ಹೌದು.

ಅಳೆದ ಸಮಯಗಳ ಮೊತ್ತ 360ನ್ನು ಮೀರಿದರೆ ಬಿಡುವಿನ ಹೊತ್ತನ್ನು ಕತ್ತರಿಸಿ ಹೊಂದಿಸುವುದು ಎಲ್ಲರ ಮೊದಲ ಯೋಚನೆ, ನನ್ನ ಅನುಭವದಲ್ಲಿ ಅತ್ಯಂತ ಕೆಟ್ಟ ಯೋಚನೆಯೂ ಅದೇ. ಆಗ ಮಾಡಬೇಕಾದದ್ದು ಯಾವುದನ್ನು ಮುಂದೂಡಬಹುದು ಎಂಬ ನಿರ್ಧಾರ. ಊಟಕ್ಕೆ ಮುಂಚಿನ ಇನ್ಸುಲಿನ್ ಮುಂದೂಡುವಂತಿಲ್ಲ, ಆಂಟಿಬಯೋಟಿಕ್‌ಗೆ ತುಸು ಅವಕಾಶ ಇದೆ, ಒಣಗಿರುವ ಗಾಯದ ಡ್ರೆಸ್ಸಿಂಗ್ ಸಂಜೆಗೆ ಹೋಗಬಹುದು. ಈ ನಿರ್ಧಾರ ಇನ್‌ಚಾರ್ಜ್ ಆದವರದ್ದು, ಮತ್ತು ಬೆಳಿಗ್ಗೆ 9 ಗಂಟೆಯೊಳಗೆ ಆಗಬೇಕಾದದ್ದು, ಆಗ ಪಕ್ಕದ ವಾರ್ಡಿನಿಂದ ಒಬ್ಬರನ್ನು ಒಂದು ಗಂಟೆಗೆ ಕೇಳಿ ಪಡೆಯಲು ಇನ್ನೂ ಸಮಯವಿರುತ್ತದೆ. ಎರಡು ವಾರಗಳ ಅಳತೆಯಲ್ಲಿ ಹೆಚ್ಚಿನ ದಿನಗಳೂ ಮೊತ್ತ 360ರ ಆಚೆಗೇ ಇದ್ದರೆ ಯಾವ ಯೋಜನೆಯೂ ಅದನ್ನು ಸರಿಪಡಿಸಲಾರದು. ಆಗ ಆ ಕಾಗದವನ್ನು ನರ್ಸಿಂಗ್ ಸೂಪರಿಂಟೆಂಡೆಂಟ್ ಅವರ ಮೇಜಿಗೆ ಒಯ್ದು ಇನ್ನೊಬ್ಬ ಸಿಬ್ಬಂದಿಯನ್ನು ಕೇಳಬೇಕಾಗುತ್ತದೆ.