ಮಾತ್ರೆ ಬಿಟ್ಟ ದಿನ ಕುಡಿದರೂ ಮಂಪರು ಯಾಕೆ?

ಓದುಗರ ಪ್ರಶ್ನೆ: ಡಿಪ್ರೆಶನ್‌ಗೆ ಎರಡು ತಿಂಗಳಿಂದ ರಾತ್ರಿ ಒಂದು ಮಾತ್ರೆ ತಗೊಳ್ತಿದ್ದೇನೆ. ಚೀಟಿಯ ಮೇಲೆ ಎಸ್ಸಿಟಾಲೋಪ್ರಾಮ್ 10, ಕ್ಲೊನಾಜೆಪಾಮ್ 0.5 ಅಂತ ಇದೆ. ಶನಿವಾರ ಮಾತ್ರ ಎರಡು ಪೆಗ್ ವಿಸ್ಕಿ ಕುಡಿಯುತ್ತೇನೆ, ಆ ದಿನ ಮಾತ್ರೆ ತಗೊಳ್ಳಲ್ಲ. ಆದರೂ ಭಾನುವಾರ ಮಧ್ಯಾಹ್ನದವರೆಗೆ ತಲೆ ಎತ್ತೋಕಾಗಲ್ಲ. ಮೊದಲು ಇಷ್ಟೇ ಕುಡಿದರೆ ಏನೂ ಆಗ್ತಿರಲಿಲ್ಲ. ಯಾಕೆ ಹೀಗೆ?

ಉತ್ತರ: ನಿಮ್ಮದು ಒಂದು ಮಾತ್ರೆ, ಆದರೆ ಒಳಗಿರುವುದು ಎರಡು ಔಷಧಿ. ಎಸ್ಸಿಟಾಲೋಪ್ರಾಮ್ ಖಿನ್ನತೆಗೆ. ಕ್ಲೊನಾಜೆಪಾಮ್ ಕಳವಳ ಇಳಿಸಲು, ನಿದ್ದೆ ಬರಿಸಲು. ಮಂಪರಿನ ದೊಡ್ಡ ಪಾಲು ಈ ಎರಡನೆಯದರದ್ದು.

ಮಿದುಳನ್ನು ಶಾಂತ ಮಾಡಲು ನಮ್ಮ ದೇಹದಲ್ಲೇ ಗಾಬಾ ಎನ್ನುವ ರಾಸಾಯನಿಕವಿದೆ. ಕ್ಲೊನಾಜೆಪಾಮ್ ಅದರ ಕೆಲಸವನ್ನು ಜೋರು ಮಾಡುತ್ತದೆ. ಮದ್ಯ ಮಾಡುವುದೂ ಅದನ್ನೇ. ಒಂದೇ ಬ್ರೇಕನ್ನು ಇಬ್ಬರು ಒಟ್ಟಿಗೆ ತುಳಿದ ಹಾಗೆ. ಎಚ್ಚರ, ಕೈಕಾಲಿನ ಹಿಡಿತ, ಉಸಿರಾಟ ಮೂರೂ ನಿಧಾನವಾಗುತ್ತವೆ.

ಆ ದಿನದ ಮಾತ್ರೆ ಬಿಟ್ಟಿದ್ದೀರಲ್ಲ, ಅದರಿಂದ ಯಾಕೆ ಉಪಯೋಗವಾಗಲಿಲ್ಲ? ಲೆಕ್ಕ ಹಾಕಿ ನೋಡೋಣ. ಕ್ಲೊನಾಜೆಪಾಮ್ ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಸಾಮಾನ್ಯವಾಗಿ 30ರಿಂದ 40 ಗಂಟೆ ಬೇಕು. ಶುಕ್ರವಾರ ರಾತ್ರಿ ಹತ್ತಕ್ಕೆ ನುಂಗಿದ್ದು ಶನಿವಾರ ರಾತ್ರಿ ಒಂಬತ್ತಕ್ಕೆ ಅರ್ಧಕ್ಕಿಂತ ಜಾಸ್ತಿಯೇ ಉಳಿದಿರುತ್ತದೆ. ಗುರುವಾರದ್ದು, ಬುಧವಾರದ್ದು ಕೂಡ ಸ್ವಲ್ಪ ಸ್ವಲ್ಪ ಇರುತ್ತದೆ. ಅದರ ಮೇಲೆ 60 ಮಿ.ಲೀ.ನ ಎರಡು ಪೆಗ್ ಅಂದರೆ ಸುಮಾರು 40 ಗ್ರಾಂ ಶುದ್ಧ ಆಲ್ಕೋಹಾಲ್. ಲಿವರ್ ಗಂಟೆಗೆ ಹೆಚ್ಚುಕಮ್ಮಿ 7ರಿಂದ 10 ಗ್ರಾಂ ಕರಗಿಸುತ್ತದೆ. ಒಂಬತ್ತಕ್ಕೆ ಶುರು ಮಾಡಿದರೆ ಮದ್ಯ ಖಾಲಿಯಾಗುವುದು ರಾತ್ರಿ ಒಂದರಿಂದ ಮೂರರ ಹೊತ್ತಿಗೆ. ಔಷಧಿ ಮಾತ್ರ ಭಾನುವಾರವೂ ರಕ್ತದಲ್ಲಿ ಇದ್ದೇ ಇರುತ್ತದೆ, ಅಲ್ವಾ? ಕೆಟ್ಟ ನಿದ್ದೆಯೂ ಅದಕ್ಕೆ ಸೇರುತ್ತದೆ.

‘ಹಾಗಾದ್ರೆ ಬಿಯರ್ ಕುಡಿತೀನಿ’ ಅನ್ನುವವರಿದ್ದಾರೆ. 650 ಮಿ.ಲೀ.ನ ಒಂದು ಸ್ಟ್ರಾಂಗ್ ಬಿಯರ್ ಬಾಟಲಿಯಲ್ಲಿ, ಶೇ 7ರ ಲೆಕ್ಕದಲ್ಲಿ, 36 ಗ್ರಾಂ ಆಲ್ಕೋಹಾಲ್ ಇರುತ್ತದೆ. ಎರಡು ಪೆಗ್ಗಿಗೆ ಹತ್ತಿರಹತ್ತಿರ ಅಷ್ಟೇ.

ಬರೀ ಎಸ್ಸಿಟಾಲೋಪ್ರಾಮ್ ಇದ್ದರೆ ಇಷ್ಟು ಮಂಪರು ಹೆಚ್ಚಿನವರಿಗೆ ಬರುವುದಿಲ್ಲ. ಆದರೆ ಮಿರ್ಟಾಜಪೀನ್, ಅಮಿಟ್ರಿಪ್ಟಿಲಿನ್ ಒಂಟಿಯಾಗಿದ್ದರೂ ತೂಕಡಿಕೆ ತರುತ್ತವೆ. ಅವು ನಮ್ಮನ್ನು ಎಚ್ಚರವಾಗಿಡುವ ಹಿಸ್ಟಮಿನ್‌ಗೆ ತಡೆ ಹಾಕುತ್ತವೆ. ಮೈಗ್ರೇನಿಗೋ ನರದ ನೋವಿಗೋ ಅಮಿಟ್ರಿಪ್ಟಿಲಿನ್ 10 ತಗೊಳ್ಳುವವರಿಗೆ ಅದು ಖಿನ್ನತೆಯ ಮಾತ್ರೆಯೆಂದೇ ಎಷ್ಟೋ ಸಲ ಗೊತ್ತಿರುವುದಿಲ್ಲ. ಮಾತ್ರೆಯ ಸ್ಟ್ರಿಪ್ಪಿನ ಹಿಂಭಾಗದಲ್ಲಿ ಸಣ್ಣ ಅಕ್ಷರದಲ್ಲಿರುವ ಹೆಸರನ್ನು ಒಮ್ಮೆ ಓದಿಕೊಳ್ಳಿ.

ನೀವು ಕೇಳದ ಇನ್ನೊಂದು ವಿಷಯವಿದೆ. ನನ್ನ ಪ್ರಕಾರ ಮಂಪರಿಗಿಂತ ದೊಡ್ಡ ನಷ್ಟ ಅದೇ. ಕುಡಿದು ಮಲಗಿದರೆ ಬೇಗ ನಿದ್ದೆ ಹತ್ತುತ್ತದೆ, ನಿಜ. ಆದರೆ ಮದ್ಯ ಇಳಿಯುತ್ತಿದ್ದಂತೆ, ಬೆಳಗಿನ ಜಾವ, ನಿದ್ದೆ ತುಂಡುತುಂಡಾಗುತ್ತದೆ. ಎದೆ ಡವಗುಟ್ಟುತ್ತದೆ, ಸುಮ್ನೆ ಭಯವಾಗುತ್ತದೆ. ನಸುಕಿಗೇ ಎಚ್ಚರವಾಗಿ ಮನಸ್ಸು ಕುಗ್ಗುವುದು ಖಿನ್ನತೆಯದೇ ಲಕ್ಷಣ. ಅದಕ್ಕೆ ತಾನೇ ಚಿಕಿತ್ಸೆ ನಡೆಯುತ್ತಿರುವುದು!

ಜೊತೆಗೆ ವಾರಕ್ಕೊಂದು ಮಾತ್ರೆ ತಪ್ಪುತ್ತಿದೆ. ಎಸ್ಸಿಟಾಲೋಪ್ರಾಮ್ ದಿನಾ ತಗೊಂಡರೆ ನಿಧಾನವಾಗಿ, ವಾರಗಟ್ಟಲೆ ಹಿಡಿದು ಕೆಲಸ ಮಾಡುವ ಔಷಧಿ. ತಪ್ಪಿಸಿದರೆ ಕೆಲವರಿಗೆ ತಲೆಸುತ್ತು, ಸಿಡುಕು, ತಲೆಯೊಳಗೆ ಕರೆಂಟ್ ಹೊಡೆದಂತಹ ಅನುಭವ ಆಗುತ್ತದೆ. ಎರಡು ತಿಂಗಳಾದ ಮೇಲೆ ನೀವು ಡಾಕ್ಟರ ಮುಂದೆ ಕೂತು ‘ಅಷ್ಟೇನೂ ಗುಣ ಕಾಣ್ತಿಲ್ಲ ಸರ್’ ಅಂದಿರಿ ಎಂದುಕೊಳ್ಳಿ. ಶನಿವಾರದ ಸಂಗತಿ ಗೊತ್ತಿಲ್ಲದ ಅವರು 10ನ್ನು 20 ಮಾಡುತ್ತಾರೆ, ಇಲ್ಲವೇ ಮಾತ್ರೆಯನ್ನೇ ಬದಲಿಸುತ್ತಾರೆ. ಸರಿಯಾದ ಔಷಧಿಯೇ ‘ಕೆಲಸ ಮಾಡ್ಲಿಲ್ಲ’ ಅನ್ನಿಸಿಕೊಳ್ಳುವುದು ಹೀಗೆ. ಅದಕ್ಕೇ ಎಷ್ಟು ಪೆಗ್, ವಾರಕ್ಕೆಷ್ಟು ಸಲ ಅಂತ ಅಂಕಿಯಲ್ಲೇ ಹೇಳಿಬಿಡಿ. ಕ್ಲೊನಾಜೆಪಾಮ್ ಇರುವಷ್ಟು ದಿನ ಮದ್ಯ ಬೇಡವೇ ಬೇಡ. ಆ ಔಷಧಿಯನ್ನು ಯಾವಾಗ, ಹೇಗೆ ಇಳಿಸಬಹುದು ಎಂದೂ ಡಾಕ್ಟರನ್ನೇ ಕೇಳಿ. ನೀವಾಗಿ ನಿಲ್ಲಿಸಬೇಡಿ.

ಮನೆಯವರು ಗಮನಿಸಬೇಕಾದದ್ದೂ ಇದೆ. ಕುಡಿದು ಮಲಗಿದವರನ್ನು ಅಲುಗಾಡಿಸಿದರೂ ಏಳದಿದ್ದರೆ, ಗೊರಕೆಯಲ್ಲಿ ಗುಳುಗುಳು ಸದ್ದಿದ್ದರೆ, ಉಸಿರು ತೀರಾ ನಿಧಾನವಾಗಿದ್ದರೆ, ತುಟಿ ನೀಲಿಯಾಗಿದ್ದರೆ ‘ಮಲಗ್ಲಿ ಬಿಡು’ ಅನ್ನಬೇಡಿ. ವಾಂತಿಯಾದರೆ ಗಂಟಲಿಗೆ ಸಿಕ್ಕದಂತೆ ಪಕ್ಕಕ್ಕೆ ಹೊರಳಿಸಿ ಮಲಗಿಸಿ, 108ಕ್ಕೆ ಫೋನ್ ಮಾಡಿ, ಮಾತ್ರೆಯ ಚೀಟಿಯನ್ನು ಜೊತೆಗೇ ಒಯ್ಯಿರಿ.

ದಿನಾ ಕುಡಿಯುವವರು ಇದನ್ನೋದಿ ಇವತ್ತೇ ಥಟ್ಟನೆ ನಿಲ್ಲಿಸುವುದೂ ಅಪಾಯ. ಒಂದೆರಡು ದಿನದೊಳಗೆ ಕೈನಡುಕ, ಬೆವರು, ಫಿಟ್ಸ್ ಬರಬಹುದು. ಅದನ್ನು ಡಾಕ್ಟರ ಕಣ್ಣೆದುರಲ್ಲೇ ಮಾಡಬೇಕು. ಯಾರ ಹತ್ತಿರ ಹೋಗಬೇಕೆಂದು ತಿಳಿಯದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.