ಚೀಟಿಗಳನ್ನು ಕಲಸಿದರೂ ಮನಸ್ಸು ಉಳಿಯುತ್ತದೆಯೇ?

ಕೃತಕ ಮನಸ್ಸಿನ ಬಗ್ಗೆ ಬಂದಿರುವ ವೈಜ್ಞಾನಿಕ ಕಾದಂಬರಿಗಳಲ್ಲಿ ಹೆಚ್ಚಿನವು ‘ಯಂತ್ರ ಯೋಚಿಸಬಲ್ಲದು’ ಎಂಬುದನ್ನು ಒಪ್ಪಿಕೊಂಡೇ ಕಥೆ ಹೇಳಲು ತೊಡಗುತ್ತವೆ. ಆಸ್ಟ್ರೇಲಿಯಾದ ಲೇಖಕ ಗ್ರೆಗ್ ಈಗನ್ 1994ರಲ್ಲಿ ಪ್ರಕಟಿಸಿದ ‘ಪರ್ಮ್ಯುಟೇಷನ್ ಸಿಟಿ’ ಅಲ್ಲಿಗೆ ನಿಲ್ಲುವುದಿಲ್ಲ. ಲೆಕ್ಕದಿಂದ ಮನಸ್ಸು ಹುಟ್ಟುವುದು ನಿಜವಾದರೆ ಆ ಮಾತು ನಮ್ಮನ್ನು ಕೊನೆಗೆ ಎಲ್ಲಿಗೆ ಒಯ್ಯುತ್ತದೆ ಎಂದು ಅದು ಹೆಜ್ಜೆ ಹೆಜ್ಜೆಯಾಗಿ ವಾದಿಸುತ್ತದೆ. ವಾದದ ರೂಪದಲ್ಲಿರುವ ಕಾದಂಬರಿಯನ್ನು ವಾದವಾಗಿಯೇ ಪರೀಕ್ಷಿಸುವುದು ನ್ಯಾಯ. ನನ್ನ ಮಟ್ಟಿಗೆ ಅದರ ಮೊದಲ ಹೆಜ್ಜೆ ಗಟ್ಟಿಯಾಗಿದೆ, ಎರಡನೆಯದು ಕಾಣುವಷ್ಟು ಗಟ್ಟಿಯಿಲ್ಲ, ಮೂರನೆಯದು ಹೆಜ್ಜೆಯೇ ಅಲ್ಲ, ಜಿಗಿತ. ಕಥೆಯ ಕೊನೆಯನ್ನೂ ಚರ್ಚಿಸಬೇಕಾಗಿರುವುದರಿಂದ, ಕಾದಂಬರಿಯನ್ನು ಓದಬೇಕೆಂದಿರುವವರು ಇದನ್ನು ಗಮನದಲ್ಲಿಟ್ಟುಕೊಳ್ಳಬೇಕು.

ಕಥೆ ನಡೆಯುವುದು 21ನೇ ಶತಮಾನದ ನಡುಭಾಗದಲ್ಲಿ. ಮನುಷ್ಯನ ಮಿದುಳನ್ನೂ ದೇಹವನ್ನೂ ಸ್ಕ್ಯಾನ್ ಮಾಡಿ ಅವನ ‘ನಕಲ’ನ್ನು ಕಂಪ್ಯೂಟರಿನಲ್ಲಿ ನಡೆಸುವುದು ಆ ವೇಳೆಗೆ ಸಾಧ್ಯವಾಗಿದೆ, ಆದರೆ ಅದರ ಲೆಕ್ಕ ಎಷ್ಟು ಭಾರಿಯೆಂದರೆ ನಕಲಿನ ಬದುಕು ಹೊರಗಿನ ಬದುಕಿಗಿಂತ 17 ಪಟ್ಟು ನಿಧಾನವಾಗಿ ಸಾಗುತ್ತದೆ. ಪಾಲ್ ಡರ್ಹಮ್ ಎಂಬ ಪಾತ್ರ ಇಂಥ ಒಂದು ನಕಲಿನ ಮೇಲೆ ಪ್ರಯೋಗ ನಡೆಸುತ್ತಾನೆ. ನಕಲು ಒಂದರಿಂದ ಹತ್ತರವರೆಗೆ ಎಣಿಸಬೇಕು, ಅಷ್ಟೆ. ಮೊದಮೊದಲು ಲೆಕ್ಕದ ಕ್ಷಣಗಳ ನಡುವಿನ ಅಂತರವನ್ನು ಹಿಗ್ಗಿಸಲಾಗುತ್ತದೆ, ಆಮೇಲೆ ಕ್ಷಣಗಳನ್ನು ಹಿಂದುಮುಂದಾಗಿಸಿ, ಬೇರೆ ಬೇರೆ ಊರುಗಳ ಕಂಪ್ಯೂಟರುಗಳಿಗೆ ಹಂಚಿ ಲೆಕ್ಕ ಹಾಕಲಾಗುತ್ತದೆ. ಪ್ರತಿ ಸಲವೂ ನಕಲು ಕೊಡುವ ವರದಿ ಒಂದೇ: ಎಣಿಕೆ ಎಂದಿನಂತೆಯೇ ನಡೆಯಿತು, ಏನೂ ವ್ಯತ್ಯಾಸ ಕಾಣಲಿಲ್ಲ.

ಇದನ್ನು ಪರೀಕ್ಷಿಸಲು ಆರು ಕಾಗದದ ಚೀಟಿ ಸಾಕು. ನಮ್ಮ ‘ಮನಸ್ಸಿ’ನ ಸ್ಥಿತಿಯೆಂದರೆ 0ಯಿಂದ 6ರವರೆಗಿನ ಒಂದು ಸಂಖ್ಯೆ ಎಂದುಕೊಳ್ಳೋಣ. ನಿಯಮ ಹೀಗಿದೆ: ಈಗಿರುವ ಸಂಖ್ಯೆಯನ್ನು ಮೂರರಿಂದ ಗುಣಿಸಿ, ಒಂದನ್ನು ಕೂಡಿಸಿ, ಏಳರಿಂದ ಭಾಗಿಸಿದಾಗ ಉಳಿಯುವ ಶೇಷವೇ ಮುಂದಿನ ಸಂಖ್ಯೆ. 2ರಿಂದ ಹೊರಟರೆ ಮೂರೆರಡಲ ಆರು, ಒಂದು ಕೂಡಿದರೆ ಏಳು, ಶೇಷ 0. ಸೊನ್ನೆಯಿಂದ 1 ಬರುತ್ತದೆ, 1ರಿಂದ 4, 4ರಿಂದ 6, 6ರಿಂದ 5. ಒಂದೊಂದು ಚೀಟಿಯ ಮೇಲೆ ಒಂದೊಂದು ಸಂಖ್ಯೆಯನ್ನು ಬರೆದು ಮೇಜಿನ ಮೇಲೆ ಸಾಲಾಗಿ ಇಟ್ಟರೆ 2, 0, 1, 4, 6, 5 ಎಂದು ಕಾಣುತ್ತದೆ.

ಮೊದಲ ಹೆಜ್ಜೆ ನಿಧಾನದ್ದು. ಒಂದು ಚೀಟಿ ಬರೆದು, ಊಟ ಮುಗಿಸಿ ಬಂದು ಮುಂದಿನದನ್ನು ಬರೆದರೂ ಸಂಖ್ಯೆ ಬದಲಾಗುವುದಿಲ್ಲ, ಏಕೆಂದರೆ ಮುಂದಿನ ಸ್ಥಿತಿಗೆ ಬೇಕಾದದ್ದು ಹಿಂದಿನ ಸ್ಥಿತಿಯೇ ಹೊರತು ನಡುವೆ ಕಳೆದ ಹೊತ್ತಲ್ಲ. ನಿಜವಾದ ಪ್ರಯೋಗಗಳಲ್ಲೂ ಇದು ಕಾಣುತ್ತದೆ. 2013ರಲ್ಲಿ ಜಪಾನಿನ ‘ಕೆ’ ಕಂಪ್ಯೂಟರಿನಲ್ಲಿ ಸುಮಾರು 173 ಕೋಟಿ ನರಕೋಶಗಳ ಸರಳೀಕೃತ ಜಾಲವೊಂದನ್ನು ನಡೆಸಿದಾಗ, ಜಾಲದೊಳಗಿನ ಒಂದು ಸೆಕೆಂಡಿಗೆ ಹೊರಗಿನ 40 ನಿಮಿಷ ಹಿಡಿಯಿತು. ಅಂದರೆ 2,400 ಪಟ್ಟು ನಿಧಾನ, ಅದೂ ಮಾನವ ಮಿದುಳಿನ ನೂರರಲ್ಲಿ ಒಂದು ಪಾಲಿನಷ್ಟು ದೊಡ್ಡ ಜಾಲಕ್ಕೆ. ಆ ಜಾಲಕ್ಕೆ ಅನುಭವವೇನೂ ಇರಲಿಲ್ಲ. ಆದರೆ ಅದರೊಳಗಿನ ಸಂಕೇತಗಳ ಮಟ್ಟಿಗೆ ಒಂದು ಸೆಕೆಂಡು ಒಂದೇ ಸೆಕೆಂಡಾಗಿತ್ತು. ಈಗನ್ ಅವರ 17 ಪಟ್ಟು ಕಾಲ್ಪನಿಕ ಅಂಕಿ, ತತ್ವ ಮಾತ್ರ ಸರಿಯಾದದ್ದೇ.

ಎರಡನೆಯ ಹೆಜ್ಜೆ ಕ್ಷಣಗಳನ್ನು ಕಲಸುವುದು. ಬರೆದಿಟ್ಟ ಚೀಟಿಗಳನ್ನು ಕಲಸುವುದು ಸುಲಭ. ಆದರೆ ಐದನೆಯ ಚೀಟಿಯನ್ನು ಮೊದಲು ಬರೆಯಲು ಹೊರಟರೆ, ಅದರಲ್ಲಿ 6 ಇರಬೇಕೆಂದು ತಿಳಿಯುವುದು ಹೇಗೆ? ನಾಲ್ಕನೆಯದರಿಂದ. ನಾಲ್ಕನೆಯದು ತಿಳಿಯುವುದು ಮೂರನೆಯದರಿಂದ. ಈ ಪುಟ್ಟ ನಿಯಮಕ್ಕೆ ನಡುವಿನವನ್ನು ದಾಟಿ ನೇರವಾಗಿ ಐದನೆಯದಕ್ಕೆ ಹೋಗುವ ಬೀಜಗಣಿತದ ಸೂತ್ರವೊಂದಿದೆ ಎಂಬುದು ನಿಜ. ಕೋಟ್ಯಂತರ ನರಕೋಶಗಳು ಒಂದನ್ನೊಂದು ಪ್ರಚೋದಿಸುವ ಜಾಲಕ್ಕೆ ಅಂಥ ಅಡ್ಡದಾರಿ ಯಾರಿಗೂ ಗೊತ್ತಿಲ್ಲ, ಅಲ್ಲಿ ಪ್ರತಿ ಸ್ಥಿತಿಯನ್ನೂ ಅದರ ಹಿಂದಿನದರಿಂದಲೇ ಪಡೆಯಬೇಕು. ಹಾಗಾಗಿ ಕ್ಷಣಗಳನ್ನು ಹಿಂದುಮುಂದಾಗಿ ಲೆಕ್ಕ ಹಾಕಬೇಕಾದರೆ, ಎಲ್ಲೋ ಒಂದು ಕಡೆ ಯಾವುದೋ ರೂಪದಲ್ಲಿ ಆ ಲೆಕ್ಕ ಸರಿಯಾದ ಕ್ರಮದಲ್ಲಿ ಒಮ್ಮೆ ನಡೆದಿರಲೇಬೇಕು. ನಕಲಿನ ಅನುಭವ ಹುಟ್ಟಿದ್ದು ಆ ಮೊದಲ ಓಟದಲ್ಲೋ, ಕಲಸಿದ ಎರಡನೆಯ ಓಟದಲ್ಲೋ? ಈ ಪ್ರಶ್ನೆಗೆ ಪ್ರಯೋಗದಿಂದ ಉತ್ತರ ಸಿಗುವುದಿಲ್ಲ.

ನಕಲು ತಾನೇ ಸಾಕ್ಷಿ ನುಡಿಯುತ್ತಿದೆಯಲ್ಲ ಎನ್ನಬಹುದು. ಆ ಸಾಕ್ಷಿಯಲ್ಲೇ ತೊಡಕಿದೆ. ಹತ್ತನೆಯ ಕ್ಷಣದ ಸ್ಥಿತಿಯಲ್ಲಿ ‘ನಾನು ಒಂಬತ್ತರವರೆಗೆ ಎಣಿಸಿದ್ದೇನೆ’ ಎಂಬ ನೆನಪು ಅಡಕವಾಗಿರುತ್ತದೆ, ಏಕೆಂದರೆ ಆ ಸ್ಥಿತಿಯ ವ್ಯಾಖ್ಯೆಯೇ ಅದು. ಅದನ್ನು ಮೊದಲು ಲೆಕ್ಕ ಹಾಕಿದರೂ ಕೊನೆಗೆ ಹಾಕಿದರೂ ಅದೇ ನೆನಪಿರುತ್ತದೆ, ಅದೇ ವರದಿ ಬರುತ್ತದೆ. ಕಲಸಿದ ಓಟದಲ್ಲಿ ಅನುಭವವೇ ಇರಲಿಲ್ಲ ಎಂದಿಟ್ಟುಕೊಂಡರೂ ವರದಿಯ ಒಂದಕ್ಷರವೂ ಬದಲಾಗುವಂತಿಲ್ಲ. ಸಿದ್ಧಾಂತ ನಿಜವಾದರೂ ಸುಳ್ಳಾದರೂ ಒಂದೇ ಫಲ ಕೊಡುವ ಪ್ರಯೋಗದಿಂದ ಏನೂ ಸಿದ್ಧವಾಗುವುದಿಲ್ಲ. ಇಡೀ ಕಾದಂಬರಿಯ ಭಾರ ನಿಂತಿರುವುದು ಈ ಫಲದ ಮೇಲೆ ಎಂಬುದನ್ನು ಗಮನಿಸಿದಾಗ ಈ ಲೋಪ ಚಿಕ್ಕದೆನಿಸುವುದಿಲ್ಲ.

ಡರ್ಹಮ್ ಇಲ್ಲಿಂದ ಜಿಗಿಯುತ್ತಾನೆ. ಕ್ಷಣಗಳು ಯಾವ ಕ್ರಮದಲ್ಲಿ, ಯಾವ ಸ್ಥಳದಲ್ಲಿದ್ದರೂ ಮನಸ್ಸು ತನ್ನನ್ನು ತಾನೇ ಜೋಡಿಸಿಕೊಳ್ಳುವುದಾದರೆ ಕಂಪ್ಯೂಟರ್ ಏಕೆ ಬೇಕು? ವಿಶ್ವದಲ್ಲಿ ಚೆದುರಿರುವ ಘಟನೆಗಳ ಧೂಳಿನಲ್ಲೇ ಎಲ್ಲ ಮನಸ್ಸುಗಳೂ ಎಲ್ಲ ಲೋಕಗಳೂ ಇವೆ ಎನ್ನುವ ಈ ವಿಚಾರಕ್ಕೆ ಧೂಳು ಸಿದ್ಧಾಂತವೆಂದು ಹೆಸರು. ತತ್ವಶಾಸ್ತ್ರದಲ್ಲಿ ಇದಕ್ಕೆ ಹತ್ತಿರದ ಮಾತನ್ನು ಹಿಲರಿ ಪಟ್ನಮ್ 1988ರಲ್ಲಿ ಆಡಿದ್ದರು: ಸೂಕ್ತವಾದ ನಿಘಂಟೊಂದನ್ನು ಕಟ್ಟಿಕೊಂಡರೆ ಯಾವುದೇ ಸಾಮಾನ್ಯ ಭೌತವಸ್ತುವೂ ಸೀಮಿತ ಸಂಖ್ಯೆಯ ಸ್ಥಿತಿಗಳ ನಡುವೆ ನಿಯಮದಂತೆ ಸಾಗುವ ಯಾವುದೇ ಯಂತ್ರವನ್ನು ನಡೆಸುತ್ತಿದೆ ಎಂದು ಹೇಳಬಹುದು. ಪಟ್ನಮ್ ಇದನ್ನು ಮುಂದಿಟ್ಟದ್ದು ‘ಮನಸ್ಸೆಂದರೆ ಲೆಕ್ಕ’ ಎಂಬ ನಿಲುವನ್ನು ಪ್ರಶ್ನಿಸುವುದಕ್ಕಾಗಿ. ಡರ್ಹಮ್ ಅದೇ ಬಗೆಯ ಮಾತನ್ನು ಮನಃಪೂರ್ವಕ ಒಪ್ಪಿಕೊಳ್ಳುತ್ತಾನೆ.

ನಮ್ಮ ಚೀಟಿಗಳಿಗೇ ಮರಳೋಣ. ಅಂಗಳದಲ್ಲಿ ಒಂದರ ಹಿಂದೊಂದು ಆರು ಎಲೆಗಳು ಉದುರುತ್ತವೆ. ಮೊದಲ ಎಲೆಯನ್ನು 2 ಎಂದೂ ಎರಡನೆಯದನ್ನು 0 ಎಂದೂ ಹೀಗೆಯೇ ಕೊನೆಯದನ್ನು 5 ಎಂದೂ ಕರೆದರೆ ಮರವೂ ನಮ್ಮ ಲೆಕ್ಕವನ್ನೇ ಮಾಡಿತಲ್ಲ? ಮಾಡಿದ್ದು ಮರವಲ್ಲ, ಹೆಸರಿಟ್ಟ ನಾನು. ಹೆಸರಿಡುವ ಮೊದಲು ಗುಣಾಕಾರ, ಭಾಗಾಕಾರಗಳನ್ನೆಲ್ಲ ನಾನೇ ಮುಗಿಸಿದ್ದೆ. ಇದನ್ನು ಬಯಲಿಗೆಳೆಯುವ ಪರೀಕ್ಷೆಯೂ ಸುಲಭವಾಗಿದೆ. ನಮ್ಮ ನಿಯಮಕ್ಕೆ 3 ಎಂಬ ಸಂಖ್ಯೆ ಕೊಟ್ಟರೆ ಮೂರ್ಮೂರಲ ಒಂಬತ್ತು, ಒಂದು ಕೂಡಿದರೆ ಹತ್ತು, ಶೇಷ ಮತ್ತೆ 3, ಅಂದರೆ ಅದು ಅಲ್ಲೇ ನಿಂತುಬಿಡುತ್ತದೆ. ನಿಯಮವನ್ನು ನಿಜವಾಗಿ ನಡೆಸುವ ಯಂತ್ರ 3ರಿಂದ ಹೊರಟಾಗ 3ರಲ್ಲೇ ನಿಂತು ತೋರಿಸುತ್ತದೆ. ಎಲೆಗಳಿಗೆ ‘ಬೇರೆ ಸಂಖ್ಯೆಯಿಂದ ಹೊರಟಿದ್ದರೆ’ ಎಂಬುದೇ ಇಲ್ಲ. ದಾರ್ಶನಿಕ ಡೇವಿಡ್ ಚಾಮರ್ಸ್ 1996ರಲ್ಲಿ ಪಟ್ನಮ್ ಅವರಿಗೆ ಕೊಟ್ಟ ಉತ್ತರದ ತಿರುಳು ಇದೇ: ಆದದ್ದು ಹೊಂದಿದರೆ ಸಾಲದು, ಆಗಬಹುದಾಗಿದ್ದುದೂ ಹೊಂದಬೇಕು.

ಕಾದಂಬರಿಯ ಪರವಾಗಿ ಒಂದು ಮಾತು ಹೇಳಲೇಬೇಕು. ಧೂಳಿನಲ್ಲಿ ಎಲ್ಲವೂ ಇರುವುದಾದರೆ 3ರಿಂದ ಹೊರಟ ಸಾಲೂ ಇನ್ನೆಲ್ಲೋ ಇದ್ದೇ ಇರುತ್ತದೆ ಎಂದು ಡರ್ಹಮ್ ಉತ್ತರಿಸಬಹುದು. ಆ ಉತ್ತರವನ್ನು ಒಪ್ಪಿದ ಕೂಡಲೇ ಇನ್ನೂ ದೊಡ್ಡ ಕಷ್ಟ ಎದುರಾಗುತ್ತದೆ. ನಾಣ್ಯವನ್ನು ಇಪ್ಪತ್ತು ಸಲ ಚಿಮ್ಮುತ್ತೇವೆ, ಮೊದಲ ಹತ್ತು ಸಲ ತಲೆ, ಬಾಲ, ತಲೆ, ಬಾಲ ಎಂದು ಸರದಿ ತಪ್ಪದೆ ಬಿದ್ದಿದೆ ಎಂದುಕೊಳ್ಳೋಣ. ಮುಂದಿನ ಹತ್ತಕ್ಕೆ 1,024 ಸಾಧ್ಯತೆಗಳಿವೆ, ಅವುಗಳಲ್ಲಿ ಸರದಿಯನ್ನು ಮುಂದುವರಿಸುವುದು ಒಂದೇ ಒಂದು. ಎಲ್ಲ ಮುಂದುವರಿಕೆಗಳೂ ಸಮವಾಗಿ ಇರುವುದಾದರೆ ಈ ಕ್ಷಣದವರೆಗೆ ಅಚ್ಚುಕಟ್ಟಾಗಿದ್ದ ಲೋಕ ಮರುಕ್ಷಣವೇ ಕೆಡುವುದು ಬಹುತೇಕ ಖಚಿತ. ನೋಡುವವನ ಮನಸ್ಸು ಉಳಿಯುವ ಸಾಲುಗಳನ್ನಷ್ಟೇ ಎಣಿಸಿದರೂ ಕಷ್ಟ ತಪ್ಪುವುದಿಲ್ಲ, ಏಕೆಂದರೆ ಮನಸ್ಸು ನೆಟ್ಟಗಿದ್ದು ಎದುರಿನ ಗೋಡೆ ಮಾತ್ರ ಬಣ್ಣ ಬದಲಿಸುತ್ತಾ ಹೋಗುವ ಸಾಲುಗಳೇ ಎಷ್ಟೋ ಪಟ್ಟು ಹೆಚ್ಚು. ಈಗನ್ ಅವರೇ ಮುಂದೆ ಓದುಗರ ಪ್ರಶ್ನೆಗಳಿಗೆ ಉತ್ತರಿಸುವಾಗ ಈ ಮಾತನ್ನು ಮುಚ್ಚುಮರೆಯಿಲ್ಲದೆ ಒಪ್ಪಿದ್ದಾರೆ: ನೋಡುವವರು ಇರಲು ಬೇಕಾದದ್ದಕ್ಕಿಂತ ಬಹಳ ಹೆಚ್ಚು ಕ್ರಮಬದ್ಧವಾಗಿರುವ ನಮ್ಮ ವಿಶ್ವವೇ ಧೂಳು ಸಿದ್ಧಾಂತಕ್ಕೆ ಎದುರಾಗಿ ನಿಲ್ಲುವ ಬಲವಾದ ಪುರಾವೆ. ತನ್ನ ಕೃತಿಯ ಬೆನ್ನೆಲುಬನ್ನೇ ಹೀಗೆ ತೂಗಿ ನೋಡುವ ಲೇಖಕನ ಬಗ್ಗೆ ನನಗೆ ಗೌರವ ಹೆಚ್ಚಾಯಿತು.

ಇಷ್ಟು ಹೊರಗಿನಿಂದ ಹಾಕಿದ ಪ್ರಶ್ನೆಗಳು. ಕಾದಂಬರಿ ತನ್ನ ಮಾತಿಗೆ ತಾನು ಬದ್ಧವಾಗಿದೆಯೇ ಎಂಬುದನ್ನೂ ನೋಡಬೇಕು. ಡರ್ಹಮ್ ಶ್ರೀಮಂತ ನಕಲುಗಳಿಂದ ಹಣ ಪಡೆದು, ನಿಯಮಬದ್ಧವಾಗಿ ಬದಲಾಗುವ ಕೋಶಗಳ ಜಾಲವೊಂದರ ಮೇಲೆ ನಗರವನ್ನು ಕಟ್ಟುತ್ತಾನೆ, ಅದನ್ನು ಕಂಪ್ಯೂಟರಿನಲ್ಲಿ ಸ್ವಲ್ಪ ಹೊತ್ತು ನಡೆಸಿ ನಿಲ್ಲಿಸಿಬಿಡುತ್ತಾನೆ. ಉಳಿದದ್ದು ಧೂಳಿನಲ್ಲಿ ತಾನಾಗಿ ಮುಂದುವರಿಯುತ್ತದೆ ಎಂಬುದು ಅವನ ನಂಬಿಕೆ. ಎಲ್ಲವೂ ಧೂಳಿನಲ್ಲಿ ಮೊದಲೇ ಇದ್ದರೆ ಆ ಸ್ವಲ್ಪ ಹೊತ್ತಾದರೂ ನಡೆಸಿದ್ದು ಏಕೆ? ಕಥೆಯ ಉತ್ತರ ಜಾಣತನದ್ದು. ನಗರದ ಆರಂಭ ಸ್ಥಿತಿಯನ್ನು ‘ಈಡನ್ ತೋಟ’ವಾಗಿ ರೂಪಿಸಲಾಗಿದೆ. ಇಂಥ ಜಾಲಗಳಲ್ಲಿ ಹಿಂದಿನ ಯಾವ ಸ್ಥಿತಿಯಿಂದಲೂ ಬರಲಾಗದ ವಿನ್ಯಾಸಕ್ಕೆ ಗಣಿತಜ್ಞರು ಬಳಸುವ ಹೆಸರು ಅದು, ಎಡ್ವರ್ಡ್ ಮೂರ್ 1962ರಲ್ಲಿ ಇದರ ಬಗ್ಗೆ ಮುಖ್ಯವಾದ ಪ್ರಮೇಯವೊಂದನ್ನು ಸಾಧಿಸಿದ್ದರು. ತನ್ನ ನಿಯಮದಿಂದ ಹುಟ್ಟಲಾಗದ ಆರಂಭಕ್ಕೆ ಹೊರಗಿನ ಕಾರಣವೊಂದು ಬೇಕು, ಹಾಗಾಗಿ ಆ ನಗರದ ಇತಿಹಾಸಕ್ಕೆ ಡರ್ಹಮ್‌ನ ಕಂಪ್ಯೂಟರ್ ಮೂಲವಾಗಿ ನಿಲ್ಲುತ್ತದೆ. ಗಣಿತ ಸರಿಯಾಗಿದೆ. ಆದರೆ ‘ಕಾರಣ ಬೇಕು’ ಎನ್ನುವುದು ಧೂಳು ಸಿದ್ಧಾಂತವೇ ಕೈಬಿಟ್ಟ ಬೇಡಿಕೆ. ಕ್ಷಣಗಳ ನಡುವೆ ಕಾರ್ಯಕಾರಣ ಬೇಡವೆಂದ ಮೇಲೆ ಮೊದಲ ಕ್ಷಣಕ್ಕೆ ಮಾತ್ರ ಅದು ಏಕೆ ಬೇಕು?

ಕೊನೆಯ ಭಾಗದಲ್ಲಿ ಈ ಬಿರುಕು ಅಗಲವಾಗುತ್ತದೆ. ನಗರದ ಒಳಗಿನ ಕಾಲಮಾನದಲ್ಲಿ ಸಾವಿರಾರು ವರ್ಷ ಕಳೆದ ಮೇಲೆ, ಅದರೊಳಗೇ ಬೆಳೆಸಿದ ಕೃತಕ ಲೋಕದ ಕೀಟರೂಪಿ ಜೀವಿಗಳು ತಮ್ಮ ವಿಶ್ವಕ್ಕೆ ಸೃಷ್ಟಿಕರ್ತರು ಬೇಡದ, ಹೆಚ್ಚು ಸುಸಂಗತವಾದ ವಿವರಣೆಯೊಂದನ್ನು ಕಟ್ಟಿಕೊಳ್ಳುತ್ತವೆ. ಅವುಗಳ ವಿವರಣೆ ಗೆಲ್ಲುತ್ತಿದ್ದಂತೆ ನಗರದ ನಿಯಮಗಳು ಕುಸಿಯತೊಡಗುತ್ತವೆ. ದೃಶ್ಯವಾಗಿ ಇದು ಅದ್ಭುತವಾಗಿದೆ, ಎರಡನೆಯ ಸಲ ಓದುವಾಗಲೂ ನಾನು ಪುಸ್ತಕ ಕೆಳಗಿಡಲಿಲ್ಲ. ಆದರೆ ಸಿದ್ಧಾಂತದ ಪ್ರಕಾರ ಆಗಬೇಕಾದದ್ದು ಬೇರೆ. ಒಂದೇ ಧೂಳನ್ನು ಎರಡು ಬಗೆಯಲ್ಲಿ ಓದಬಹುದಾದರೆ ಎರಡು ಓದುಗಳೂ ತಮ್ಮ ಪಾಡಿಗೆ ಮುಂದುವರಿಯಬೇಕು: ಜೀವಿಗಳ ಲೋಕ ಒಂದು ಕಡೆ, ಆ ಜೀವಿಗಳನ್ನು ಎಂದಿನಂತೆ ನೋಡುತ್ತಿರುವ ನಗರ ಇನ್ನೊಂದು ಕಡೆ. ಒಂದು ಇನ್ನೊಂದನ್ನು ಕೆಡವಬೇಕಾದರೆ ಅವೆರಡಕ್ಕೂ ಆಧಾರವಾದ, ಇಬ್ಬರಿಗೂ ಸಮಾನವಾದ ಒಂದು ನೆಲ ಬೇಕು. ಅಂಥ ನೆಲವೇ ಬೇಡವೆಂದು ಹೇಳಿ ಡರ್ಹಮ್ ತನ್ನ ಕಂಪ್ಯೂಟರನ್ನು ನಿಲ್ಲಿಸಿದ್ದ.